ಒತ್ತಿದ ಗುಂಡಿ ಮತ್ತು ಒಪ್ಪಿದ ಕರಾರು

ಆನ್‌ಲೈನ್ ಪಂದ್ಯಕಟ್ಟುವ ತಾಣಗಳಲ್ಲಿ ‘ಖಚಿತಪಡಿಸಿ’ ಎಂಬ ಗುಂಡಿಯೊಂದಿರುತ್ತದೆ. ಅದನ್ನು ಒತ್ತಿದ ಕ್ಷಣವೇ ತನ್ನ ಪಣ ಕಟ್ಟಿದಂತಾಯಿತು ಎಂದು ಆಟಗಾರ ಭಾವಿಸುತ್ತಾನೆ. ಆದರೆ ಕಾನೂನಿನ ದೃಷ್ಟಿಯಲ್ಲಾಗಲಿ ಅರ್ಥಶಾಸ್ತ್ರದ ದೃಷ್ಟಿಯಲ್ಲಾಗಲಿ ಆ ಕ್ಷಣದಲ್ಲಿ ಏನೂ ಖಚಿತವಾಗಿರುವುದಿಲ್ಲ. ಖಚಿತವಾಗುವುದು ಕೆಲವು ಸೆಕೆಂಡುಗಳ ಅನಂತರ. ಆ ಕೆಲವು ಸೆಕೆಂಡುಗಳು ಯಾರ ಸ್ವತ್ತು ಎಂಬುದೇ ಈ ಲೇಖನದ ಪ್ರಶ್ನೆ.

ನಾನು ಜೂಜಿನ ಪರವಾಗಿಯೂ ಬರೆಯುತ್ತಿಲ್ಲ, ಅದರ ವಿರುದ್ಧ ನೀತಿಬೋಧೆಗೂ ಹೊರಟಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ, ಸರ್ಕಾರಿ ಸೇವೆಯಲ್ಲಿ ಬಹಳ ಕಾಲ ಟೆಂಡರುಗಳನ್ನೂ ಕರಾರುಪತ್ರಗಳನ್ನೂ ಓದಿದವನಾಗಿ ನನ್ನ ಕುತೂಹಲ ಕೆರಳಿದ್ದು ಬೇರೊಂದು ಕಾರಣಕ್ಕೆ. ಪಂದ್ಯಕಟ್ಟುವುದು ಕಾನೂನುಬದ್ಧವಾಗಿರುವ, ಪಣದ ಕರಾರನ್ನು ನ್ಯಾಯಾಲಯಗಳೂ ಮನ್ನಿಸುವ ಬ್ರಿಟನ್ನಿನಂಥ ದೇಶದಲ್ಲಿಯೂ ಲಕ್ಷಾಂತರ ಜನ ಪ್ರತಿದಿನ ಒಂದು ಕರಾರಿಗೆ ಒಪ್ಪಿಗೆ ನೀಡುತ್ತಾರೆ. ಆದರೆ ಯಾವುದಕ್ಕೆ ಒಪ್ಪಿದ್ದೇವೆ ಎಂಬುದನ್ನು ಅವರಲ್ಲಿ ಬಹುಮಂದಿ ಗಮನಿಸಿರುವುದಿಲ್ಲ. ಈ ಬಗೆಯ ಒಪ್ಪಿಗೆಯ ಸ್ವರೂಪವನ್ನು ತಿಳಿದುಕೊಳ್ಳುವುದು ಪಣ ಕಟ್ಟದವರಿಗೂ ಉಪಯುಕ್ತ.

ಮೊದಲು ಕ್ರಮವನ್ನು ನೋಡೋಣ. ಪಂದ್ಯ ನಡೆಯುತ್ತಿರುವಾಗಲೇ ತಾಣದ ಪರದೆಯ ಮೇಲೆ ಪ್ರತಿ ತಂಡದ ಎದುರು ಒಂದು ದರ ಕಾಣುತ್ತಿರುತ್ತದೆ. ದರ 2.10 ಎಂದರೆ ನೂರು ಪೌಂಡ್ ಕಟ್ಟಿದವನಿಗೆ ಗೆದ್ದರೆ ಪಣವೂ ಸೇರಿ 210 ಪೌಂಡ್ ಬರುತ್ತದೆ. ದರವನ್ನು ಮುಟ್ಟಿದರೆ ಬೆಟ್ ಸ್ಲಿಪ್, ಅಂದರೆ ಪಣದ ಚೀಟಿ, ತೆರೆದುಕೊಳ್ಳುತ್ತದೆ. ಆಟಗಾರ ಅದರಲ್ಲಿ ಮೊತ್ತವನ್ನು ನಮೂದಿಸಿ ಗುಂಡಿ ಒತ್ತುತ್ತಾನೆ. ಆಗ ಪರದೆಯ ಮೇಲೆ ಒಂದು ಸಣ್ಣ ಚಕ್ರ ತಿರುಗತೊಡಗುತ್ತದೆ. ಕೆಲವು ಸೆಕೆಂಡುಗಳ ನಂತರ ಉತ್ತರ ಬರುತ್ತದೆ. ಆ ಉತ್ತರ ಕೇವಲ ‘ಆಯಿತು’ ಅಥವಾ ‘ಇಲ್ಲ’ ಎಂದಷ್ಟೇ ಇರಬೇಕಾಗಿಲ್ಲ. ‘ದರ ಬದಲಾಗಿದೆ’ ಎಂದಿರಬಹುದು. ‘ನೀವು ಕೇಳಿದ ಮೊತ್ತದಲ್ಲಿ ಇಷ್ಟನ್ನು ಮಾತ್ರ ಸ್ವೀಕರಿಸಿದ್ದೇವೆ’ ಎಂದೂ ಇರಬಹುದು.

ಹಾಗಾದರೆ ಪ್ರಸ್ತಾವ ಮುಂದಿಟ್ಟವರು ಯಾರು, ಸ್ವೀಕರಿಸಿದವರು ಯಾರು? ಪರದೆಯ ಮೇಲೆ ದರ ಪ್ರಕಟಿಸಿದ್ದು ಕಂಪನಿ. ಆದ್ದರಿಂದ ಪ್ರಸ್ತಾವ ಅದರದ್ದು, ಒಪ್ಪಿದ್ದು ಆಟಗಾರ ಎಂದು ಸಾಮಾನ್ಯ ಬುದ್ಧಿಗೆ ತೋರುತ್ತದೆ. ಕಾನೂನು ಇದನ್ನು ತಿರುಗುಮುರುಗಾಗಿ ಕಾಣುತ್ತದೆ. 1953ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಬೂಟ್ಸ್ ಔಷಧ ಮಳಿಗೆಗೆ ಸಂಬಂಧಿಸಿದ ಪ್ರಕರಣದಲ್ಲಿ ಒಂದು ತತ್ತ್ವವನ್ನು ಸ್ಪಷ್ಟಪಡಿಸಿತು. ಅಂಗಡಿಯ ಕಪಾಟಿನಲ್ಲಿ ಬೆಲೆಚೀಟಿ ಹಚ್ಚಿ ಇಟ್ಟ ಸರಕು ಮಾರಾಟದ ಪ್ರಸ್ತಾವವಲ್ಲ, ಅದು ಗಿರಾಕಿಗೆ ನೀಡಿದ ಆಹ್ವಾನ ಮಾತ್ರ. ಗಿರಾಕಿ ಸರಕನ್ನು ಗಲ್ಲಾಪೆಟ್ಟಿಗೆಯ ಬಳಿಗೆ ತಂದಾಗ ಪ್ರಸ್ತಾವ ಹುಟ್ಟುತ್ತದೆ. ಅಲ್ಲಿ ಹಣ ಪಡೆದಾಗ ಅದು ಸ್ವೀಕೃತವಾಗುತ್ತದೆ. ಬಾಜಿ ಕಂಪನಿಗಳ ಷರತ್ತುಗಳೂ ಇದೇ ಜಾಡಿನಲ್ಲಿ ನಡೆಯುತ್ತವೆ. ಪರದೆಯ ಮೇಲಿನ ದರ ಆಹ್ವಾನ. ಗುಂಡಿ ಒತ್ತುವುದು ಆಟಗಾರನ ಪ್ರಸ್ತಾವ. ಕಂಪನಿಯ ಗಣಕ ಅದನ್ನು ದಾಖಲಿಸಿಕೊಂಡು ಸಂಖ್ಯೆ ನೀಡಿದಾಗ ಮಾತ್ರ ಕರಾರು.

ನಮ್ಮ 1872ರ ಭಾರತೀಯ ಕರಾರು ಅಧಿನಿಯಮದ 7ನೇ ಕಲಮು ಸ್ವೀಕಾರವು ಪರಿಪೂರ್ಣವೂ ಷರತ್ತುರಹಿತವೂ ಆಗಿರಬೇಕು ಎನ್ನುತ್ತದೆ. ಇಂಗ್ಲೆಂಡಿನ ನಿಯಮವೂ ಅದೇ. 1840ರ ಹೈಡ್ ಮತ್ತು ರೆಂಚ್ ನಡುವಿನ ಪ್ರಸಿದ್ಧ ಮೊಕದ್ದಮೆಯಲ್ಲಿ ಒಬ್ಬನು ತನ್ನ ಹೊಲವನ್ನು ಸಾವಿರ ಪೌಂಡಿಗೆ ಕೊಡುವೆನೆಂದ. ಇನ್ನೊಬ್ಬನು 950ಕ್ಕೆ ಕೇಳಿದ. ಮಾಲೀಕ ಒಪ್ಪದಿದ್ದಾಗ, ಸಾವಿರಕ್ಕೇ ಕೊಳ್ಳುವೆ ಎಂದು ಮರಳಿ ಬಂದ. ನ್ಯಾಯಾಲಯ ಕರಾರೇ ಆಗಿಲ್ಲ ಎಂದಿತು. ಬೇರೆ ಬೆಲೆ ಹೇಳಿದೊಡನೆ ಮೊದಲ ಪ್ರಸ್ತಾವ ಸತ್ತುಹೋಗುತ್ತದೆ. ಹೊಸ ಬೆಲೆ ಹೊಸ ಪ್ರಸ್ತಾವವಾಗುತ್ತದೆ. ಈ ತರ್ಕದಂತೆ ನೋಡಿದರೆ, ಬದಲಾದ ದರವಾಗಲಿ ಕಡಿತಗೊಂಡ ಮೊತ್ತವಾಗಲಿ ಆಟಗಾರನ ಪ್ರಸ್ತಾವಕ್ಕೆ ಒಪ್ಪಿಗೆಯಲ್ಲ. ಕಂಪನಿಯ ಕಡೆಯಿಂದ ಬಂದ ಹೊಸ ಪ್ರಸ್ತಾವ. ಅದಕ್ಕೆ ಆಟಗಾರ ಮತ್ತೆ ಒಪ್ಪಬೇಕು. ಆದರೆ ವ್ಯವಹಾರದಲ್ಲಿ ಈ ಎರಡನೆಯ ಒಪ್ಪಿಗೆಯನ್ನು ಮೊದಲೇ ಬರೆಸಿಕೊಂಡಿರುವ ಸಂದರ್ಭಗಳುಂಟು. ತೊಡಕು ಆರಂಭವಾಗುವುದು ಅಲ್ಲಿಂದ.

ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಸೋದರಳಿಯ ಕ್ರಿಕೆಟ್ ಋತುವಿನಲ್ಲಿ ಸಣ್ಣಪುಟ್ಟ ಪಣ ಕಟ್ಟುವ ಅಭ್ಯಾಸವುಳ್ಳವನು. ಕಳೆದ ವರ್ಷ ಒಮ್ಮೆ ದೂರವಾಣಿಯಲ್ಲಿ, “ಮಾವ, ನಾನು ಒತ್ತಿದ್ದು 2.10ಕ್ಕೆ, ಚೀಟಿಯಲ್ಲಿ ಬಂದಿದ್ದು 1.95. ಇದು ಹೇಗೆ ನ್ಯಾಯ?” ಎಂದು ಕೇಳಿದ. ನಾನು ಅವನ ಖಾತೆಯ ಸೆಟ್ಟಿಂಗ್ ಏನಿದೆ ಎಂದು ವಿಚಾರಿಸಿದೆ. ಖಾತೆ ತೆರೆದ ಹೊಸದರಲ್ಲಿ, ಪ್ರತಿಸಲವೂ ಮತ್ತೆ ಒತ್ತುವ ಕಾಟ ತಪ್ಪಲೆಂದು, ದರದ ಯಾವುದೇ ಬದಲಾವಣೆಯನ್ನು ಸ್ವೀಕರಿಸುತ್ತೇನೆ ಎಂಬ ಚೌಕಕ್ಕೆ ಅವನೇ ಗುರುತು ಹಾಕಿದ್ದನಂತೆ. “ಹಾಗಾದರೆ ನೀನು 2.10ಕ್ಕೆ ಒಪ್ಪಿರಲಿಲ್ಲ, ಬಂದ ದರಕ್ಕೆ ಒಪ್ಪಿದ್ದೆ” ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿರಲಿಲ್ಲ.

ಅವನು ಕಟ್ಟಿದ್ದು 40 ಪೌಂಡ್. ಗೆದ್ದರೆ 84 ಬರಬೇಕಾಗಿದ್ದುದು 78 ಆಯಿತು. ಆರು ಪೌಂಡಿನ ವ್ಯತ್ಯಾಸ ಅಲ್ಪವೆಂದು ತೋರಬಹುದು. ಆದರೆ ಲೆಕ್ಕವನ್ನು ಬೇರೆ ರೀತಿಯಲ್ಲಿ ನೋಡಬೇಕು. ಒಂದನ್ನು ದರದಿಂದ ಭಾಗಿಸಿದರೆ, ನಷ್ಟವಾಗದಿರಲು ಗೆಲುವಿನ ಸಂಭವ ಎಷ್ಟಿರಬೇಕು ಎಂಬುದು ತಿಳಿಯುತ್ತದೆ. 2.10ರಲ್ಲಿ ಅದು ಶೇ 47.6, 1.95ರಲ್ಲಿ ಶೇ 51.3. ತಂಡ ಗೆಲ್ಲುವ ಸಂಭವ ಶೇ 50 ಎಂದು ಅವನು ಅಂದಾಜಿಸಿದ್ದನೆಂದು ಇಟ್ಟುಕೊಳ್ಳೋಣ. ಆ ಅಂದಾಜು ಸರಿಯಾಗಿದ್ದಲ್ಲಿ ಮೊದಲಿನ ದರದಲ್ಲಿ ನೂರಕ್ಕೆ ಸರಾಸರಿ ಐದು ಪೌಂಡ್ ಲಾಭ. ಬದಲಾದ ದರದಲ್ಲಿ ನೂರಕ್ಕೆ ಎರಡೂವರೆ ಪೌಂಡ್ ನಷ್ಟ. ಅಂದರೆ ಬದಲಾದದ್ದು ಲಾಭದ ಪ್ರಮಾಣ ಮಾತ್ರವಲ್ಲ. ಪಣ ಕಟ್ಟುವುದಕ್ಕಿದ್ದ ಕಾರಣವೇ ಇಲ್ಲವಾಯಿತು. 2.10ಕ್ಕೆ ಕಟ್ಟಲು ನಿರ್ಧರಿಸಿದವನು 1.95ಕ್ಕೆ ಕಟ್ಟಲು ನಿರ್ಧರಿಸಿದವನಲ್ಲ.

ಸಾಮಾನ್ಯವಾಗಿ ಇಂಥ ತಾಣಗಳಲ್ಲಿ ಮೂರು ಆಯ್ಕೆಗಳಿರುತ್ತವೆ. ದರ ಬದಲಾದರೆ ಪ್ರತಿ ಬಾರಿಯೂ ನನ್ನನ್ನು ಕೇಳಿ ಎಂಬುದು ಒಂದು. ದರ ಏರಿದರೆ ಮಾತ್ರ ತಾನಾಗಿ ಸ್ವೀಕರಿಸಿ ಎಂಬುದು ಇನ್ನೊಂದು. ಏರಲಿ ಇಳಿಯಲಿ ಸ್ವೀಕರಿಸಿ ಎಂಬುದು ಮೂರನೆಯದು. ಷೇರುಪೇಟೆಯಲ್ಲಿ ವ್ಯವಹರಿಸುವ ಓದುಗರಿಗೆ ಇದು ಹೊಸತಲ್ಲ. ‘ಲಿಮಿಟ್ ಆರ್ಡರ್’ ಹಾಕಿದವನಿಗೆ ತಾನು ಹೇಳಿದ ಬೆಲೆಗಿಂತ ಕೆಟ್ಟ ಬೆಲೆಗೆ ಷೇರು ಸಿಗುವುದಿಲ್ಲ, ಸಿಗದೇ ಇರಬಹುದು ಅಷ್ಟೆ. ‘ಮಾರ್ಕೆಟ್ ಆರ್ಡರ್’ ಹಾಕಿದವನು ಬಂದ ಬೆಲೆಗೆ ಬದ್ಧ. ಮೂರನೆಯ ಆಯ್ಕೆಗೆ ಗುರುತು ಹಾಕಿದ ಆಟಗಾರ ಮಾರ್ಕೆಟ್ ಆರ್ಡರ್ ಹಾಕಿದಂತೆ. ವ್ಯತ್ಯಾಸವಿಷ್ಟೆ: ಷೇರುಪೇಟೆಯಲ್ಲಿ ಎದುರಿಗೆ ಅನೇಕ ಮಾರಾಟಗಾರರು ಪೈಪೋಟಿಯಲ್ಲಿರುತ್ತಾರೆ, ಯಾರ ಆರ್ಡರ್ ಮೊದಲು ಎಂಬುದನ್ನು ಬೆಲೆಯೂ ಸಮಯವೂ ನಿರ್ಧರಿಸುತ್ತವೆ. ಇಲ್ಲಿ ಎದುರಿಗಿರುವುದು ಒಂದೇ ಕಂಪನಿ. ದರ ನಿಗದಿಪಡಿಸುವುದೂ ಅದೇ, ಸ್ವೀಕರಿಸುವುದೂ ಅದೇ.

ಈಗ ತಿರುಗುವ ಚಕ್ರದ ವಿಷಯಕ್ಕೆ ಬರೋಣ. ಈ ವಿಳಂಬ ಯಂತ್ರದ ದೌರ್ಬಲ್ಯವಲ್ಲ, ಬುದ್ಧಿಪೂರ್ವಕವಾಗಿ ಇಟ್ಟದ್ದು. ಆಟಗಾರರೇ ಪರಸ್ಪರ ಪಣ ಕಟ್ಟುವ ಬೆಟ್‌ಫೇರ್‌ನಂಥ ವಿನಿಮಯ ಕೇಂದ್ರಗಳಲ್ಲಿ ಪ್ರತಿ ಪಂದ್ಯಕ್ಕೂ ಇಂತಿಷ್ಟು ಸೆಕೆಂಡು ಎಂದು ಅದನ್ನು ಮೊದಲೇ ಗೊತ್ತುಪಡಿಸಿರುತ್ತಾರೆ. ಕಾರಣ ಸಕಾರಣವಾದದ್ದೇ. ಕ್ರೀಡಾಂಗಣದಲ್ಲಿ ಕುಳಿತವನಿಗೆ ವಿಕೆಟ್ ಬಿದ್ದದ್ದು ಆ ಕ್ಷಣದಲ್ಲಿ ಕಾಣುತ್ತದೆ. ದೂರದರ್ಶನದ ಚಿತ್ರ ಮನೆಗೆ ತಲುಪುವುದು ಕೆಲವು ಸೆಕೆಂಡು ತಡವಾಗಿ. ಅಂತರ್ಜಾಲದ ಮೂಲಕ ಬರುವ ಚಿತ್ರ ಅದಕ್ಕಿಂತಲೂ ತಡ. ಆ ಅಂತರದಲ್ಲಿ ಹಳೆಯ ದರಕ್ಕೆ ಪಣ ಕಟ್ಟಿದವನು ಫಲಿತಾಂಶ ತಿಳಿದು ಕಟ್ಟಿದಂತೆ. 2014ರ ಜನವರಿಯಲ್ಲಿ ಮೆಲ್ಬರ್ನ್‌ನ ಆಸ್ಟ್ರೇಲಿಯನ್ ಓಪನ್ ಟೆನಿಸ್ ಪಂದ್ಯಾವಳಿಯಲ್ಲಿ, ಅಂಕಣದ ಬದಿಯಿಂದ ಅಂಕಗಳ ಮಾಹಿತಿಯನ್ನು ಕ್ಷಣಮಾತ್ರದಲ್ಲಿ ರವಾನಿಸುತ್ತಿದ್ದನೆಂದು ಬ್ರಿಟನ್ನಿನ ಯುವಕನೊಬ್ಬನನ್ನು ಪೊಲೀಸರು ಬಂಧಿಸಿದ್ದರು. ಆ ಆರೋಪವನ್ನು ಮುಂದೆ ಕೈಬಿಡಲಾಯಿತು. ಇಂಥವರಿಂದ ತನ್ನನ್ನು ರಕ್ಷಿಸಿಕೊಳ್ಳಲು ಕಂಪನಿ ಕೆಲವು ಸೆಕೆಂಡು ಕಾಯುತ್ತದೆ. ಮನೆಯಲ್ಲಿ ಕುಳಿತವನು ಮಾಹಿತಿಯಲ್ಲಿ ಹಿಂದಿರಬಹುದು ಎಂಬುದನ್ನು ಗ್ರಾಹಕರಿಗೆ ತಿಳಿಸಬೇಕೆಂದು ಬ್ರಿಟನ್ನಿನ ಗ್ಯಾಂಬ್ಲಿಂಗ್ ಕಮಿಷನ್ ತನ್ನ ತಾಂತ್ರಿಕ ಮಾನದಂಡಗಳಲ್ಲಿ ವಿಧಿಸಿದೆ.

ಕಾಯುವುದು ತಪ್ಪಲ್ಲ ಸರಿ. ಕಾಯುವಾಗ ಯಾರ ಕೈ ಕಟ್ಟಿರುತ್ತದೆ? ಸಾಮಾನ್ಯ ಕರಾರು ಕಾನೂನಿನ ಪ್ರಕಾರ ಪ್ರಸ್ತಾವ ಮಾಡಿದವನು ಅದು ಸ್ವೀಕೃತವಾಗುವ ತನಕ ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ನಮ್ಮ ಅಧಿನಿಯಮದ 5ನೇ ಕಲಮೂ ಇದನ್ನೇ ಹೇಳುತ್ತದೆ. ಆದರೆ ಚಕ್ರ ತಿರುಗುತ್ತಿರುವಾಗ ‘ಬೇಡ’ ಎನ್ನುವ ಗುಂಡಿ ಸಾಮಾನ್ಯವಾಗಿ ಇರುವುದಿಲ್ಲ. ಆಟಗಾರ ಬದ್ಧ, ಕಂಪನಿ ಮುಕ್ತ. ಇದನ್ನು ಅರ್ಥಶಾಸ್ತ್ರದಲ್ಲಿ ಆಪ್ಷನ್, ಅಂದರೆ ಬೇಕಾದರೆ ಕೊಳ್ಳುವ ಬೇಡವಾದರೆ ಬಿಡುವ ಹಕ್ಕು ಎನ್ನುತ್ತಾರೆ. ಪೇಟೆಯಲ್ಲಿ ಇಂಥ ಹಕ್ಕಿಗೆ ಬೆಲೆಯಿದೆ. ಇಲ್ಲಿ ಆಟಗಾರ ಅದನ್ನು ಬಿಟ್ಟಿಯಾಗಿ ಕೊಡುತ್ತಾನೆ.

ಸರ್ಕಾರಿ ಟೆಂಡರುಗಳಲ್ಲಿ ಇದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಬಿಡ್ ಸಲ್ಲಿಸಿದ ಗುತ್ತಿಗೆದಾರನು, ಉದಾಹರಣೆಗೆ ತೊಂಬತ್ತು ದಿನ, ತಾನು ನಮೂದಿಸಿದ ದರಕ್ಕೆ ಬದ್ಧನಾಗಿರಬೇಕು. ಇಲಾಖೆ ಆ ಅವಧಿಯಲ್ಲಿ ಒಪ್ಪಬಹುದು, ಬಿಡಬಹುದು. ಸಿಮೆಂಟು, ಉಕ್ಕಿನ ಬೆಲೆ ಏರಿದರೆ ನಷ್ಟ ಅವನದು. ಅನುಭವಸ್ಥ ಗುತ್ತಿಗೆದಾರನು ಈ ಹೊರೆಯನ್ನು ಮೊದಲೇ ಲೆಕ್ಕಹಾಕಿ ದರದಲ್ಲಿ ಸೇರಿಸುತ್ತಾನೆ. ಅಲ್ಲಿ ಹಕ್ಕಿನ ಬೆಲೆಯನ್ನು ಕೊನೆಗೆ ಇಲಾಖೆಯೇ ತೆರುತ್ತದೆ. ಜೊತೆಗೆ ಅವಧಿ ಎಷ್ಟೆಂಬುದು ಟೆಂಡರ್ ಪ್ರಕಟಣೆಯಲ್ಲೇ ಮುದ್ರಿತವಾಗಿರುತ್ತದೆ. ಪಣದ ಚೀಟಿಯಲ್ಲಿ ದರ ನಿಗದಿಪಡಿಸುವವನು ಆಟಗಾರನಲ್ಲ; ಆದ್ದರಿಂದ ಹೊರೆಯನ್ನು ಸೇರಿಸಲು ಅವನಿಗೆ ದಾರಿಯಿಲ್ಲ.

ಈ ಹಕ್ಕಿನ ಬೆಲೆ ಎಷ್ಟಿರಬಹುದು ಎಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡಬಹುದು. ಇಪ್ಪತ್ತು ಓವರ್‌ಗಳ ಪಂದ್ಯದ ಕೊನೆಯ ಓವರ್‌ಗಳು. ಗುರಿ ಬೆನ್ನಟ್ಟುತ್ತಿರುವ ತಂಡ ಗೆಲ್ಲುವ ಸಂಭವ ಸರಿಯಾಗಿ ಶೇ 50. ಕಂಪನಿ ಕೊಡುವ ದರ 1.95. ನೂರು ಪೌಂಡ್ ಕಟ್ಟಿದವನಿಗೆ ಸರಾಸರಿ ಮರಳುವುದು 97.50, ಕಂಪನಿಯ ಪಾಲು ಎರಡೂವರೆ ಪೌಂಡ್. ಇದು ಪ್ರಕಟವಾದ, ಎಲ್ಲರಿಗೂ ಗೊತ್ತಿರುವ ಬೆಲೆ. ಈಗ ಗುಂಡಿ ಒತ್ತಿದ ಮೇಲೆ ಕಾಯುವ ಅವಧಿಯಲ್ಲಿ ಒಂದು ಎಸೆತ ಆಗುತ್ತದೆ. ಹತ್ತರಲ್ಲಿ ಒಂದು ಸಲ ವಿಕೆಟ್ ಬಿದ್ದು ಸಂಭವ ಶೇ 32ಕ್ಕೆ ಇಳಿಯುತ್ತದೆ. ಉಳಿದ ಒಂಬತ್ತು ಸಲ ವಿಕೆಟ್ ಉಳಿದು ಅದು ಶೇ 52ಕ್ಕೆ ಏರುತ್ತದೆ ಎನ್ನೋಣ.

ಏನಾದರೂ ಸರಿ, ಹಳೆಯ ದರವೇ ನಿಲ್ಲುತ್ತದೆ ಎಂದಿದ್ದರೆ ಸರಾಸರಿ ಮರಳುವುದು 97.50ಯೇ. ಎರಡೂ ಸಂದರ್ಭಗಳಲ್ಲಿ ಹೊಸ ದರವೇ ಅನ್ವಯಿಸುತ್ತದೆ ಎಂದಿದ್ದರೂ ಅಷ್ಟೇ. ಆದರೆ ಆಟಗಾರನಿಗೆ ಅನುಕೂಲವಾದಾಗ ಮಾತ್ರ ದರ ತಿದ್ದಿ, ಪ್ರತಿಕೂಲವಾದಾಗ ಹಳೆಯ ದರದಲ್ಲಿಯೇ ಸ್ವೀಕರಿಸಿದರೆ? ವಿಕೆಟ್ ಉಳಿದ ಒಂಬತ್ತು ಸಲ ದರ 1.875ಕ್ಕೆ ಇಳಿಯುತ್ತದೆ, ಮರಳುವುದು 97.50. ವಿಕೆಟ್ ಬಿದ್ದ ಒಂದು ಸಲ ಪಣ 1.95ಕ್ಕೇ ನಿಲ್ಲುತ್ತದೆ, ಮರಳುವುದು 62.40. ಹತ್ತು ಸಲದ ಸರಾಸರಿ ಸುಮಾರು 94. ಕಂಪನಿಯ ಪಾಲು ಎರಡೂವರೆಯಿಂದ ಆರು ಪೌಂಡಿಗೆ ಏರಿತು. ಪರದೆಯ ಮೇಲಿನ ದರದಲ್ಲಿ ಒಂದು ಅಂಕಿಯೂ ಬದಲಾಗಿಲ್ಲ. ಬದಲಾದದ್ದು ಕಾಯುವ ನಿಯಮ ಮಾತ್ರ.

ಎಲ್ಲ ಕಂಪನಿಗಳೂ ಹೀಗೆ ನಡೆದುಕೊಳ್ಳುತ್ತವೆ ಎಂಬುದು ಇದರ ಅರ್ಥವಲ್ಲ. ವಿಕೆಟ್ ಬಿದ್ದೊಡನೆ ವ್ಯವಹಾರವನ್ನು ತಾತ್ಕಾಲಿಕವಾಗಿ ತಡೆದು, ಬಾಕಿಯಿರುವ ಚೀಟಿಗಳನ್ನು ತಿರಸ್ಕರಿಸಿ ಹಣ ಮರಳಿಸುವ ಪದ್ಧತಿ ಸಾಮಾನ್ಯವಾಗಿಯೇ ಇದೆ. ಆಗ ಮೇಲಿನ ನಷ್ಟ ಉಂಟಾಗುವುದಿಲ್ಲ. ನನ್ನ ಮಾತಿನ ತಾತ್ಪರ್ಯ ಇಷ್ಟೆ: ವಿಳಂಬ ಎಷ್ಟು ಸೆಕೆಂಡು ಎಂಬುದು ಮುಖ್ಯವಲ್ಲ, ಅದು ಎರಡೂ ದಿಕ್ಕಿಗೆ ಸಮನಾಗಿ ಕೆಲಸ ಮಾಡುತ್ತದೆಯೇ ಎಂಬುದು ಮುಖ್ಯ. ಇದನ್ನು ಪರೀಕ್ಷಿಸಲು ಒಂದು ಚೀಟಿ ಸಾಲದು. ಕೇಳಿದ ದರ, ಸಿಕ್ಕ ದರ, ಕಾದ ಸಮಯ ಇವನ್ನು ನೂರಾರು ಚೀಟಿಗಳಿಗೆ ಬರೆದಿಟ್ಟರೆ ಚಿತ್ರ ಸ್ಪಷ್ಟವಾಗುತ್ತದೆ. ಬದಲಾವಣೆಗಳಲ್ಲಿ ಏರಿಕೆಯೂ ಇಳಿಕೆಯೂ ಬೆರೆತಿದ್ದರೆ ನಿಯಮ ಸಮವಾದದ್ದು. ಇಳಿಕೆ ಮಾತ್ರ ಕಂಡುಬಂದು, ಏರಬೇಕಾದ ಕಡೆ ಹಳೆಯ ದರವೇ ನಿಂತಿದ್ದರೆ ತಕ್ಕಡಿ ವಾಲಿದೆ ಎಂದರ್ಥ.

ಮೂರನೆಯದು ಭಾಗಶಃ ಸ್ವೀಕಾರ. ನನ್ನ ಸೋದರಳಿಯನೇ ಇನ್ನೊಂದು ಸಲ 3.00 ದರದಲ್ಲಿ ನೂರು ಪೌಂಡ್ ಕೇಳಿದ್ದ. ಉತ್ತರ ಹೀಗೆ ಬಂತು: ಮೂವತ್ತು ಪೌಂಡ್ 3.00ರಲ್ಲಿ ಸ್ವೀಕೃತ, ಉಳಿದ ಎಪ್ಪತ್ತಕ್ಕೆ 2.80 ಕೊಡಬಲ್ಲೆವು. ಅವನು ಅದಕ್ಕೂ ಒತ್ತಿದ. ಹಾಗಾಗಿ ಅವನಿಗೆ ಸಿಕ್ಕ ಸರಾಸರಿ ದರ 2.86. ನಷ್ಟವಾಗದಿರಲು ಬೇಕಾದ ಸಂಭವ ಶೇ 33.3ರಿಂದ ಶೇ 35ಕ್ಕೆ ಏರಿತು. ಇಲ್ಲಿ ಕಂಪನಿ ಅವನನ್ನು ಕೇಳಿತು, ಅವನು ಒಪ್ಪಿದ, ದೂರಲು ಕಾರಣವಿಲ್ಲ. ಆದರೆ ಮೊದಲ ಮೂವತ್ತು ಪೌಂಡಿನ ವಿಷಯದಲ್ಲಿ ಅವನನ್ನು ಯಾರೂ ಕೇಳಿರಲಿಲ್ಲ. ನೂರು ಕೇಳಿದವನಿಗೆ ಮೂವತ್ತು ಬೇಕೇ ಎಂಬುದು ಬೇರೆಯೇ ಪ್ರಶ್ನೆ. ಹೈಡ್‌ನ ಹೊಲದ ತರ್ಕದಲ್ಲಿ ಅದು ಹೊಸ ಪ್ರಸ್ತಾವ. ಷರತ್ತುಗಳ ಪುಟದಲ್ಲಿ ‘ಪೂರ್ಣವಾಗಿ ಅಥವಾ ಭಾಗಶಃ ಸ್ವೀಕರಿಸುವ ಹಕ್ಕನ್ನು ಕಾಯ್ದಿರಿಸಿದೆ’ ಎಂಬ ಸಾಲು ಅದನ್ನು ಮೊದಲೇ ಒಪ್ಪಿದ ಸಂಗತಿಯನ್ನಾಗಿ ಮಾಡುತ್ತದೆ. ಸರ್ಕಾರಿ ಟೆಂಡರ್ ಪ್ರಕಟಣೆಯ ಕೊನೆಯಲ್ಲಿ ಇದೇ ಸಾಲನ್ನು ಓದುಗರು ಕಂಡಿರುತ್ತಾರೆ.

ಕಂಪನಿಗೆ ಮಿತಿ ಇರಲೇಬೇಕು. ಒಂದು ಫಲಿತಾಂಶಕ್ಕೆ ತಾನು ತೆರಬೇಕಾದ ಮೊತ್ತ ಹತೋಟಿ ಮೀರದಂತೆ ಅದು ನೋಡಿಕೊಳ್ಳುತ್ತದೆ. ಆ ಮಿತಿಯಿಂದಲೇ ಪಣದ ಮಿತಿ ಹುಟ್ಟುತ್ತದೆ. ಆದರೆ ಈ ಮಿತಿ ಎಲ್ಲರಿಗೂ ಒಂದೇ ಅಲ್ಲ. ಸತತವಾಗಿ ಒಳ್ಳೆಯ ದರ ಹಿಡಿಯುವ ಆಟಗಾರನ ಖಾತೆಗೆ ಮಿತಿ ಕುಗ್ಗುತ್ತದೆ. ಸೋಲುವವನ ಚೀಟಿ ಪೂರ್ಣವಾಗಿ ಸ್ವೀಕೃತವಾಗುತ್ತದೆ. ಆಟಗಾರರೇ ಪರಸ್ಪರ ಕಟ್ಟುವ ವಿನಿಮಯ ಕೇಂದ್ರದಲ್ಲಿ ಯಾರ ದುರುದ್ದೇಶವೂ ಇಲ್ಲದೆ ಇದೇ ಫಲಿತಾಂಶ ಬರುತ್ತದೆ. ನೀವು 3.00 ದರದಲ್ಲಿ ನೂರು ಪೌಂಡಿಗೆ ಬೇಡಿಕೆ ಇಟ್ಟಿದ್ದೀರಿ ಎನ್ನೋಣ. ಪಂದ್ಯ ನಿಮ್ಮ ತಂಡದ ಪರವಾಗಿ ತಿರುಗಿದರೆ ಆ ದರ ಕೊಡಲು ಯಾರೂ ಮುಂದೆ ಬರುವುದಿಲ್ಲ, ಮೂವತ್ತು ಪೌಂಡಿಗೆ ಮಾತ್ರ ಜೋಡಿ ಸಿಕ್ಕಿರುತ್ತದೆ. ಪಂದ್ಯ ಕೈತಪ್ಪಿದರೆ ಎಲ್ಲರೂ ಕೊಡಲು ಸಿದ್ಧ, ನೂರಕ್ಕೆ ನೂರೂ ಭರ್ತಿ. ಹಾಗಾಗಿ ಗೆಲ್ಲುವ ಸಲ ಸಣ್ಣ ಮೊತ್ತ, ಸೋಲುವ ಸಲ ಪೂರ್ಣ ಮೊತ್ತ ನಿಮ್ಮದಾಗುವ ಒಲವಿರುತ್ತದೆ. ಪೂರ್ಣವಾಗಿ ಸ್ವೀಕೃತವಾದ ಚೀಟಿ ಸಂತೋಷದ ಸುದ್ದಿಯೇ ಆಗಿರಬೇಕಾಗಿಲ್ಲ.

ಈ ತಾರತಮ್ಯಕ್ಕೆ ಸಾರ್ವಜನಿಕ ನೀತಿಯ ಉತ್ತರವೂ ಉಂಟು. 2014ರಲ್ಲಿ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದ ಕುದುರೆ ಪಂದ್ಯ ನಿಯಂತ್ರಣ ಸಂಸ್ಥೆಯು ಕನಿಷ್ಠ ಪಣದ ನಿಯಮವನ್ನು ಜಾರಿಗೆ ತಂದಿತು. ಪ್ರಕಟಿಸಿದ ದರದಲ್ಲಿ ಒಂದು ಗೊತ್ತಾದ ಮೊತ್ತದವರೆಗೆ ನಷ್ಟ ಹೊರಲು ಬುಕ್‌ಮೇಕರ್ ಸಿದ್ಧನಿರಬೇಕು. ಗೆಲ್ಲುವವನೆಂಬ ಕಾರಣಕ್ಕೆ ಆ ಮಿತಿಯೊಳಗೆ ಪಣ ನಿರಾಕರಿಸುವಂತಿಲ್ಲ. ಪ್ರಕಟಿಸಿದ ಬೆಲೆಗೆ ಕಿಂಚಿತ್ತಾದರೂ ಸರಕು ಕೊಡದ ಅಂಗಡಿಯ ಬೆಲೆಚೀಟಿ ಬರಿಯ ಅಲಂಕಾರ ಎಂಬುದೇ ಇದರ ಹಿಂದಿನ ವಿಚಾರ.

ಇಷ್ಟೆಲ್ಲ ಷರತ್ತುಗಳಿಗೆ ಒಂದು ಗುಂಡಿ ಒತ್ತಿದ ಮಾತ್ರಕ್ಕೆ ಆಟಗಾರ ಬದ್ಧನೇ? ಬ್ರಿಟನ್ನಿನಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮುಂದೆ ಬರಲು ಸಾಧ್ಯವಾದದ್ದೇ ಈಚೆಗೆ. 1845ರ ಕಾಯ್ದೆಯ ಪ್ರಕಾರ ಅಲ್ಲಿ ಪಣದ ಹಣಕ್ಕಾಗಿ ದಾವೆ ಹೂಡುವಂತಿರಲಿಲ್ಲ. 2005ರ ಗ್ಯಾಂಬ್ಲಿಂಗ್ ಕಾಯ್ದೆ 2007ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಾಗ ಆ ತಡೆ ಹೋಯಿತು. ಅನಂತರದ ಎರಡು ತೀರ್ಪುಗಳು ಒಂದಕ್ಕೊಂದು ಎದುರಾಗಿ ನಿಂತು ಸೀಮೆಯನ್ನು ಗುರುತಿಸುತ್ತವೆ. ಎರಡೂ ಕ್ರೀಡಾಪಣಕ್ಕೆ ಸಂಬಂಧಿಸಿದವಲ್ಲ; ಆದರೆ ಗುಂಡಿಯ ಒಪ್ಪಿಗೆಗೆ ಸಂಬಂಧಿಸಿದವು.

ಮೊದಲನೆಯದು ಬೆಟ್‌ಫ್ರೆಡ್ ಪ್ರಕರಣ. 2018ರ ಜನವರಿಯಲ್ಲಿ ಆಟಗಾರನೊಬ್ಬ ಆನ್‌ಲೈನ್ ಇಸ್ಪೀಟಾಟದಲ್ಲಿ 17 ಲಕ್ಷ ಪೌಂಡಿಗೂ ಹೆಚ್ಚು ಗೆದ್ದ. ತಂತ್ರಾಂಶದಲ್ಲಿ ದೋಷವಿತ್ತು, ನಮ್ಮ ಷರತ್ತುಗಳ ಪ್ರಕಾರ ಹಣ ಕೊಡಬೇಕಾಗಿಲ್ಲ ಎಂದಿತು ಕಂಪನಿ. 2021ರಲ್ಲಿ ಹೈಕೋರ್ಟ್ ಆಟಗಾರನ ಪರ ತೀರ್ಪಿತ್ತಿತು. ಅಂಥ ಕಠಿಣ ಷರತ್ತನ್ನು ಗ್ರಾಹಕನ ಗಮನಕ್ಕೆ ಸರಿಯಾಗಿ ತಂದಿರಲಿಲ್ಲ, ಬರಹ ಸ್ಪಷ್ಟವೂ ಇರಲಿಲ್ಲ ಎಂಬುದು ಅದರ ಸಾರ. ಎರಡನೆಯದು ಬ್ರಿಟನ್ನಿನ ರಾಷ್ಟ್ರೀಯ ಲಾಟರಿಯನ್ನು ಆಗ ನಡೆಸುತ್ತಿದ್ದ ಕ್ಯಾಮಲಾಟ್ ಕಂಪನಿಯದು. 2015ರಲ್ಲಿ ಆನ್‌ಲೈನ್ ಆಟವೊಂದರ ಪರದೆ ಮಹಿಳೆಯೊಬ್ಬರಿಗೆ ಹತ್ತು ಲಕ್ಷ ಪೌಂಡ್ ಗೆದ್ದ ಜೋಡಿ ಅಂಕಿಗಳನ್ನು ತೋರಿಸಿತ್ತು. ಕಂಪನಿಯ ಗಣಕದ ದಾಖಲೆಯಲ್ಲಿದ್ದ ಬಹುಮಾನ ಹತ್ತು ಪೌಂಡ್. 2024ರಲ್ಲಿ ಮೇಲ್ಮನವಿ ನ್ಯಾಯಾಲಯ ಕಂಪನಿಯ ಪರ ನಿಂತಿತು. ಖಾತೆ ತೆರೆಯುವಾಗ ‘ಒಪ್ಪಿದ್ದೇನೆ’ ಎಂದು ಒತ್ತಿದ್ದಾರೆ, ಷರತ್ತುಗಳನ್ನು ಓದಲು ಅವಕಾಶವಿತ್ತು, ಅವು ವಿಪರೀತವಾದವೂ ಅಲ್ಲ. ಆದ್ದರಿಂದ ಬದ್ಧರು ಎಂದಿತು.

ಎರಡನ್ನೂ ಜೊತೆಗಿಟ್ಟು ಓದಿದರೆ ತಿಳಿಯುವುದಿಷ್ಟು. ಓದಲಿಲ್ಲ ಎಂಬ ನೆಪ ಆಟಗಾರನನ್ನು ಕಾಪಾಡುವುದಿಲ್ಲ. ಹಾಗೆಯೇ, ಎಲ್ಲೋ ಬರೆದಿದ್ದೆವು ಎಂಬ ನೆಪ ಕಂಪನಿಯನ್ನೂ ಕಾಪಾಡುವುದಿಲ್ಲ. ಸಾಧಾರಣವಾದ ಷರತ್ತು ಗುಂಡಿಯ ಮೂಲಕ ಕರಾರಿನೊಳಗೆ ಸೇರುತ್ತದೆ. ಗ್ರಾಹಕನ ಹಕ್ಕನ್ನು ತೀವ್ರವಾಗಿ ಕಸಿಯುವ ಷರತ್ತನ್ನು ಎದ್ದುಕಾಣುವಂತೆ ಮುಂದಿಡಬೇಕು. ದರ ಬದಲಾಗಬಹುದು, ಮೊತ್ತ ಕಡಿತವಾಗಬಹುದು ಎಂಬುದು ನನ್ನ ದೃಷ್ಟಿಯಲ್ಲಿ ಮೊದಲ ಬಗೆಯದು. ನಿನಗೆ ಅನುಕೂಲವಾದಾಗ ಮಾತ್ರ ಬದಲಾಗುವುದಿಲ್ಲ ಎಂಬುದು ಎರಡನೆಯ ಬಗೆಯದು.

ನಮ್ಮ ದೇಶದ ಸ್ಥಿತಿ ಬೇರೆ. ಕರಾರು ಅಧಿನಿಯಮದ 30ನೇ ಕಲಮಿನ ಪ್ರಕಾರ ಪಣದ ಒಪ್ಪಂದ ಅಸಿಂಧು. ಗೆದ್ದ ಹಣಕ್ಕಾಗಿ ದಾವೆ ಹೂಡುವಂತಿಲ್ಲ. ಕುದುರೆ ಪಂದ್ಯದ ಬಹುಮಾನಗಳಿಗೆ ಮಾತ್ರ ಸೀಮಿತ ವಿನಾಯಿತಿಯುಂಟು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯ್ದೆ ಹಣ ಹೂಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ. ಇದರ ಪರಿಣಾಮವನ್ನು ನಮ್ಮ ಯುವಕರು ಅರಿಯಬೇಕು. ವಿದೇಶದಲ್ಲಿ ನೆಲೆ ಮಾಡಿಕೊಂಡು ಇಲ್ಲಿಯವರನ್ನು ಸೆಳೆಯುವ ತಾಣಗಳಲ್ಲಿಯೂ ಇದೇ ಚೀಟಿ, ಇದೇ ಗುಂಡಿ, ಇದೇ ತಿರುಗುವ ಚಕ್ರ ಇರುತ್ತದೆ. ಆದರೆ ಅದರ ಹಿಂದೆ ಬ್ರಿಟನ್ನಿನ ಆಟಗಾರನಿಗೆ ಇರುವ ಯಾವುದೂ ಇರುವುದಿಲ್ಲ. ಪರವಾನಗಿ ನೀಡಿದ ಕಮಿಷನ್ ಇಲ್ಲ. ಅಲ್ಲಿ 1998ರಿಂದ ಪಣದ ತಕರಾರುಗಳನ್ನು ಆಲಿಸುತ್ತಿರುವ ಐಬಿಎಎಸ್‌ನಂಥ ಸ್ವತಂತ್ರ ಸಂಸ್ಥೆ ಇಲ್ಲ. ದಾವೆಯನ್ನು ಮನ್ನಿಸುವ ನ್ಯಾಯಾಲಯವೂ ಇಲ್ಲ. ಅಲ್ಲಿ ಕಂಪನಿಯ ಉತ್ತರವೇ ಕರಾರು, ಅದರ ದಾಖಲೆಯೇ ಸಾಕ್ಷ್ಯ, ಅದರ ಇಚ್ಛೆಯೇ ತೀರ್ಪು.

ಕಾನೂನುಬದ್ಧವಾಗಿ ಇದು ನಡೆಯುವ ದೇಶಗಳಲ್ಲಿ ಆಗಬೇಕಾದ ಸುಧಾರಣೆ ದೊಡ್ಡದೇನಲ್ಲ. ಪ್ರತಿ ಚೀಟಿಯ ಮೇಲೆ ಮೂರು ಜೋಡಿ ಅಂಕಿಗಳು ಇರಲಿ: ಕೇಳಿದ ದರ ಮತ್ತು ಸಿಕ್ಕ ದರ, ಕೇಳಿದ ಮೊತ್ತ ಮತ್ತು ಸಿಕ್ಕ ಮೊತ್ತ, ಒತ್ತಿದ ಸಮಯ ಮತ್ತು ಸ್ವೀಕರಿಸಿದ ಸಮಯ. ಈ ಆರೂ ಅಂಕಿಗಳು ಕಂಪನಿಯ ಗಣಕದಲ್ಲಿ ಹುಟ್ಟುವಂಥವೇ. ಮುದ್ರಿಸುವುದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಕೇಳಿದ ಮೊತ್ತ ಪೂರ್ಣವಾಗಿ ಸಿಗದಿದ್ದರೆ ಪಣವೇ ಬೇಡ ಎನ್ನುವ ಆಯ್ಕೆ ಚೀಟಿಯಲ್ಲಿ ಇರಲಿ. ಬದಲಾವಣೆಯನ್ನು ತಾನಾಗಿ ಸ್ವೀಕರಿಸುವ ಚೌಕಕ್ಕೆ ಮೊದಲೇ ಗುರುತು ಬಿದ್ದಿರದಿರಲಿ. ಸಮವಾದ ನಿಯಮ ಪಾಲಿಸುವ ಕಂಪನಿಗೆ ಇದರಿಂದ ಕಳೆದುಕೊಳ್ಳುವುದು ಏನೂ ಇಲ್ಲ. ಆರು ಅಂಕಿಗಳನ್ನು ತೋರಿಸಲು ಹಿಂಜರಿಯುವ ಕಂಪನಿಯ ತಕ್ಕಡಿಯನ್ನು ತಪಾಸಣೆ ಮಾಡುವುದು ಅಲ್ಲಿನ ಕಮಿಷನ್‌ನ ಕರ್ತವ್ಯ.